ಡಾಕ್ ತುಂಬಿದೆ, ಮಾಲು ಇಳಿಯುತ್ತಿಲ್ಲ: ಚಾಕಣದ ಗೋದಾಮಿನ ಗೇಟಿನಲ್ಲಿ ಲಾರಿ ಸಾಲಿನ ದೋಷ ಪತ್ತೆ

ಪುಣೆ ಹತ್ತಿರದ ಚಾಕಣದಲ್ಲಿ ನಾನು ಕೆಲಸ ಮಾಡಿದ ಒಂದು ವಿತರಣಾ ಗೋದಾಮಿನ ಕಥೆ ಇದು. ಒಳಬರುವ ಮಾಲು ಇಳಿಸಲು ಲಾರಿಯನ್ನು ಹಿಂದಕ್ಕೆ ತಂದು ಹಚ್ಚುವ ಎಂಟು ಡಾಕ್‌ಗಳಿದ್ದವು. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ ಕೆಲಸ ನಡೆಯುತ್ತಿತ್ತು. ದಿನಕ್ಕೆ ಹೆಚ್ಚುಕಮ್ಮಿ 40 ಲಾರಿ ಬರುತ್ತಿದ್ದವು. ಸಾಲು ತಪ್ಪಿಸಬೇಕೆಂದು ಅಪಾಯಿಂಟ್‌ಮೆಂಟ್ ಪದ್ಧತಿ ತಂದು ಆರು ತಿಂಗಳಾಗಿತ್ತು. ಸರಕು ಕಳಿಸುವವರು ಹಿಂದಿನ ದಿನವೇ ಹೊತ್ತು ಬುಕ್ ಮಾಡಬೇಕು, ಪ್ರತಿ ಲಾರಿಗೂ ಎರಡು ತಾಸಿನ ಸ್ಲಾಟ್.

ಕಾಗದದ ಮೇಲೆ ಇದು ಸಲೀಸಾಗಿ ಹೊಂದುತ್ತಿತ್ತು. ಎಂಟು ಡಾಕ್, ಹದಿನಾರು ತಾಸು, ಒಟ್ಟು 128 ಡಾಕ್-ತಾಸು. 40 ಲಾರಿಗೆ ಎರಡೆರಡು ತಾಸಿನಂತೆ ಬೇಕಾದದ್ದು 80. ಅಂದರೆ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಡಾಕ್ ಸಮಯ ಖಾಲಿ ಉಳಿಯಬೇಕಿತ್ತು. ಆದರೆ ಬೆಳಿಗ್ಗೆ ಐದೂವರೆಗೇ ಗೇಟಿನ ಹೊರಗೆ ಲಾರಿಗಳು ನಿಂತಿರುತ್ತಿದ್ದವು, ಮಧ್ಯಾಹ್ನವಾದರೂ ಸಾಲು ಕರಗುತ್ತಿರಲಿಲ್ಲ. ಟ್ರಾನ್ಸ್‌ಪೋರ್ಟಿನವರು ಗಾಡಿ ಕಾದು ನಿಂತದ್ದಕ್ಕೆ ಹಾಲ್ಟಿಂಗ್ ಬಿಲ್ ಕಳಿಸುತ್ತಿದ್ದರು. ಇಬ್ಬರು ಮೂವರು ನಮ್ಮ ಗೋದಾಮಿಗೆ ಗಾಡಿಯನ್ನೇ ಹಾಕುವುದಿಲ್ಲ ಎಂದುಬಿಟ್ಟಿದ್ದರು. ಮೇಲಿನವರ ಕೈಯಲ್ಲಿದ್ದ ಪರಿಹಾರ ಎರಡು: ಇನ್ನೆರಡು ಡಾಕ್ ಕಟ್ಟುವುದು, ಇಲ್ಲವೇ ಮಾಲು ಇಳಿಸುವ ಹಮಾಲರ ಟೋಳಿಯನ್ನು ಬದಲಿಸುವುದು. ಎರಡೂ ಬೇಕಾಗಿರಲಿಲ್ಲ ಎಂದು ಗೊತ್ತಾಗಲು ಮೂರು ವಾರ ಹಿಡಿಯಿತು. ಅದೇ ಲಕ್ಷಣ ನಿಮ್ಮ ಗೇಟಿನಲ್ಲೂ ಇದ್ದರೆ ನಾವು ನಡೆದ ದಾರಿ ನಿಮಗೂ ಉಪಯೋಗಕ್ಕೆ ಬರಬಹುದು.

ಗಡಿಯಾರ ಎಲ್ಲಿಂದ ಓಡುತ್ತಿದೆ

ಮೊದಲ ಜಗಳವೇ ಅಂಕಿಯದು. ಗೇಟ್ ಇನ್‌ನಿಂದ ಗೇಟ್ ಔಟ್‌ವರೆಗೆ ಸರಾಸರಿ 4 ತಾಸು 40 ನಿಮಿಷ ಎಂದು ನಮ್ಮ ಸಿಸ್ಟಮ್ ಹೇಳುತ್ತಿತ್ತು. ಡ್ರೈವರುಗಳನ್ನು ಕೇಳಿದರೆ ಆರು ತಾಸಿಗೆ ಕಡಿಮೆ ಯಾರೂ ಹೇಳುತ್ತಿರಲಿಲ್ಲ. ಆಫೀಸಿನಲ್ಲಿ ಕೂತವರಿಗೆ ಅದು ಉತ್ಪ್ರೇಕ್ಷೆ ಎನಿಸುತ್ತಿತ್ತು. ಆದರೆ ಇಬ್ಬರೂ ನಿಜವನ್ನೇ ಹೇಳುತ್ತಿದ್ದರು. ಸಿಸ್ಟಮ್ ಗಡಿಯಾರ ಶುರುವಾಗುತ್ತಿದ್ದದ್ದು ಸೆಕ್ಯುರಿಟಿಯವರು ಬ್ಯಾರಿಯರ್ ಎತ್ತಿದಾಗ. ಡ್ರೈವರನ ಗಡಿಯಾರ ಶುರುವಾಗುತ್ತಿದ್ದದ್ದು ಅವನು ರಸ್ತೆ ಬದಿಗೆ ಗಾಡಿ ಹಚ್ಚಿ ಇಂಜಿನ್ ಬಂದ್ ಮಾಡಿದಾಗ. ಯಾರ್ಡ್ ತುಂಬಿದಷ್ಟೂ ಸೆಕ್ಯುರಿಟಿಯವರು ಗಾಡಿಗಳನ್ನು ಹೊರಗೇ ತಡೆಯುತ್ತಾರೆ. ಹಾಗಾಗಿ ಪರಿಸ್ಥಿತಿ ಕೆಟ್ಟ ದಿನವೇ ಸಿಸ್ಟಮ್ ಅಂಕಿ ಚೆನ್ನಾಗಿ ಕಾಣುವ ಸಾಧ್ಯತೆಯೂ ಇದೆ. ಈ ಅಂಕಿಯನ್ನು ನಂಬಿ ಮುಂದೆ ಹೋದರೆ ದಾರಿ ತಪ್ಪುವುದು ಖಂಡಿತ.

ಹೊರಗೆ ಒಬ್ಬ ಗಾರ್ಡನ್ನು ನಿಲ್ಲಿಸಿ, ಬಂದ ಪ್ರತಿ ಗಾಡಿಗೂ ನಂಬರ್ ಇರುವ ಟೋಕನ್ ಕೊಟ್ಟು, ಟೋಕನ್ ಮೇಲೆ ಹೊತ್ತು ಬರೆಸಿದೆವು. ಡಾಕ್‌ನಲ್ಲಿ ಒಂದು ಬೋರ್ಡಿಗೆ ಕಾಗದ ಸಿಕ್ಕಿಸಿ, ಗಾಡಿ ಹಿಂದಕ್ಕೆ ಬಂದು ನಿಂತ ಹೊತ್ತು, ಮೊದಲ ಬಾಕ್ಸ್ ಕೆಳಗಿಳಿದ ಹೊತ್ತು, ಕೊನೆಯ ಬಾಕ್ಸ್ ಇಳಿದ ಹೊತ್ತು, ಗಾಡಿ ಡಾಕ್ ಬಿಟ್ಟ ಹೊತ್ತು ಇವಿಷ್ಟನ್ನು ಪೆನ್ನಿನಲ್ಲಿ ಬರೆಸಿದೆವು. ಏಳು ದಿನ, 280 ಗಾಡಿ. ಇದಕ್ಕೆ ಆ್ಯಪ್ ಬೇಡ, ಟ್ಯಾಬ್ಲೆಟ್ ಬೇಡ. ಸಿಸ್ಟಮ್ ಹೇಳುವುದು ಸರಿಯೋ ತಪ್ಪೋ ಎಂದು ನೋಡುವ ಅಳತೆ ಅದೇ ಸಿಸ್ಟಮ್‌ನಿಂದ ಬರಬಾರದು.

ಶೀಟಿಗೆ ಏರಿಸುವಾಗ ಒಂದು ಸಣ್ಣ ಎಡವಟ್ಟು ಎಲ್ಲರಿಗೂ ಆಗುತ್ತದೆ. ರಾತ್ರಿ 23:40ಕ್ಕೆ ಬಂದು 00:30ಕ್ಕೆ ಹೋದ ಗಾಡಿಗೆ ತಾರೀಖು ಬರೆಯದೆ ಬರೀ ಹೊತ್ತು ಬರೆದಿದ್ದರೆ ಕಳೆಯುವ ಲೆಕ್ಕ ಋಣ ಸಂಖ್ಯೆ ಕೊಡುತ್ತದೆ, ಸರಾಸರಿ ಕೆಡುತ್ತದೆ. ಹೀಗೆ ಬರೆದರೆ ನಿಮಿಷಗಳು ಸರಿಯಾಗಿ ಬರುತ್ತವೆ:

```
=MOD(G2-F2,1)*1440
```

ನಮ್ಮ ಶೀಟಿನಲ್ಲಿ F ಎಂದರೆ ಇಳಿಸಲು ಶುರುವಾದ ಹೊತ್ತು, G ಎಂದರೆ ಇಳಿಸಿ ಮುಗಿದ ಹೊತ್ತು. ಉಳಿದ ತುಂಡುಗಳಿಗೂ ಇದೇ ಸೂತ್ರ.

ವಾರದ ಕೊನೆಗೆ ಒಂದು ಸರಾಸರಿ ಲಾರಿಯ ದಿನ ಹೀಗೆ ಕಂಡಿತು. ಗೇಟಿನ ಹೊರಗೆ 95 ನಿಮಿಷ. ಒಳಗೆ ಬಂದಮೇಲೆ ಯಾರ್ಡಿನಲ್ಲಿ ಡಾಕ್ ಸಿಗುವವರೆಗೆ 80. ಡಾಕ್‌ಗೆ ಹಚ್ಚಿದಮೇಲೆ ಮೊದಲ ಬಾಕ್ಸ್ ಇಳಿಯುವವರೆಗೆ 25. ಇಳಿಸಲು 90. ಕೊನೆಯ ಬಾಕ್ಸ್ ಇಳಿದಮೇಲೆ ಡಾಕ್ ಬಿಡುವವರೆಗೆ 55. ಅಲ್ಲಿಂದ ಗೇಟ್ ದಾಟುವವರೆಗೆ 30. ಒಟ್ಟು 375 ನಿಮಿಷ, ಅಂದರೆ ಆರೂಕಾಲು ತಾಸು. ಡ್ರೈವರುಗಳು ಹೇಳಿದ್ದು ಇದನ್ನೇ.

ಈ ಪೆನ್ನಿನ ಅಂಕಿ ನಂಬಲು ಯೋಗ್ಯವೇ ಎಂದು ಪರೀಕ್ಷಿಸುವ ಒಂದು ಸುಲಭ ದಾರಿ ಇದೆ. ಸರದಿ ಸಾಲುಗಳ ಬಗ್ಗೆ ಜಾನ್ ಲಿಟ್ಲ್ 1961ರಲ್ಲಿ ಸಾಧಿಸಿ ತೋರಿಸಿದ ಒಂದು ಸಂಬಂಧ: ಒಂದು ಜಾಗದಲ್ಲಿ ಸರಾಸರಿ ಎಷ್ಟು ಜನ ಅಥವಾ ಗಾಡಿ ಇರುತ್ತವೆ ಎಂಬುದು, ತಾಸಿಗೆ ಎಷ್ಟು ಬರುತ್ತವೆ ಮತ್ತು ಪ್ರತಿಯೊಂದೂ ಎಷ್ಟು ಹೊತ್ತು ಇರುತ್ತದೆ ಎಂಬುದರ ಗುಣಲಬ್ಧ. ನಮಗೆ 16 ತಾಸಿಗೆ 40 ಗಾಡಿ, ಅಂದರೆ ತಾಸಿಗೆ ಎರಡೂವರೆ. ಒಳಗಿನ ಸಮಯ 4 ತಾಸು 40 ನಿಮಿಷ. ಎರಡನ್ನೂ ಗುಣಿಸಿದರೆ ಕಾಂಪೌಂಡಿನೊಳಗೆ ಯಾವ ಹೊತ್ತಿಗೂ 12ರ ಆಸುಪಾಸು ಗಾಡಿ ಇರಬೇಕು. ಮೇಲಿನ ಮಹಡಿಯ ಕಿಟಕಿಯಿಂದ ದಿನಕ್ಕೆ ನಾಲ್ಕು ಸಲ ಎಣಿಸಿದೆ. ಹನ್ನೊಂದು, ಹದಿಮೂರು, ಹನ್ನೆರಡು, ಒಮ್ಮೊಮ್ಮೆ ಹದಿನಾಲ್ಕು. ಅಂಕಿ ಕೂಡಿಬಂತು. ಕೂಡಿಬರದಿದ್ದರೆ ಎಲ್ಲೋ ಹೊತ್ತು ಬರೆಯುವವರು ಊಹಿಸಿ ಬರೆಯುತ್ತಿದ್ದಾರೆ ಎಂದೇ ಅರ್ಥ. ಅದನ್ನು ಸರಿಮಾಡದೆ ಮುಂದೆ ಹೋಗಬೇಡಿ.

ಕಾಯುವ ಹೊತ್ತು ರೋಗವಲ್ಲ

ಹೊರಗೆ 95, ಯಾರ್ಡಿನಲ್ಲಿ 80. ಎಲ್ಲಕ್ಕಿಂತ ದೊಡ್ಡ ತುಂಡುಗಳು ಇವೇ ಆದ್ದರಿಂದ ಕಣ್ಣು ಮೊದಲು ಇಲ್ಲಿಗೇ ಹೋಗುತ್ತದೆ. ಗೇಟಿನಲ್ಲಿ ಇನ್ನೊಬ್ಬ ಗಾರ್ಡನ್ನು ಹಾಕೋಣ, ಕಾಗದ ನೋಡುವುದನ್ನು ಚುರುಕು ಮಾಡೋಣ ಎಂಬ ಮಾತು ಬರುತ್ತದೆ. ನಾವೂ ಒಂದು ವಾರ ಅದನ್ನೇ ಮಾಡಿ ನೋಡಿದೆವು. ಹೊರಗಿನ ಸಾಲು ಕಡಿಮೆಯಾಯಿತು, ಯಾರ್ಡಿನ ಸಾಲು ಅಷ್ಟೇ ಬೆಳೆಯಿತು. ಕಾಯುವಿಕೆ ಮುಂದಿನ ಅಡಚಣೆಯ ನೆರಳು, ಅಡಚಣೆ ಇರುವುದು ಬೇರೆ ಕಡೆ.

ಡಾಕ್ ಮೇಲಿನ ತುಂಡುಗಳನ್ನಷ್ಟೇ ಕೂಡಿ ನೋಡಿ. 25, 90, 55. ಒಂದು ಗಾಡಿ ಹೋಗಿ ಇನ್ನೊಂದು ಹಿಂದಕ್ಕೆ ಬಂದು ಹಚ್ಚಲು ಇನ್ನು ಹತ್ತು ನಿಮಿಷ. ಒಟ್ಟು 180 ನಿಮಿಷ, ಅಂದರೆ ಮೂರು ತಾಸು. ನಾವು ಸ್ಲಾಟ್ ಕೊಟ್ಟಿದ್ದು ಎರಡು ತಾಸಿಗೆ. 40 ಗಾಡಿಗೆ 80 ಡಾಕ್-ತಾಸು ಸಾಕು ಎಂದುಕೊಂಡಿದ್ದೆವು, ನಿಜವಾಗಿ ಖರ್ಚಾಗುತ್ತಿದ್ದದ್ದು 120. ಇರುವ 128ರಲ್ಲಿ 120 ಎಂದರೆ ನೂರಕ್ಕೆ 94 ಪಾಲು ತುಂಬಿದಂತೆ. ಇಷ್ಟು ತುಂಬಿದ ಜಾಗದಲ್ಲಿ ಒಂದು ಗಾಡಿ ಅರ್ಧ ತಾಸು ತಡವಾದರೂ ಅದರ ಪೆಟ್ಟು ಹಿಂದಿನ ಗಾಡಿಗೆ, ಅದರ ಪೆಟ್ಟು ಅದರ ಹಿಂದಿನದಕ್ಕೆ ಹೋಗುತ್ತದೆ. ಎಳೆದು ಸರಿಮಾಡಿಕೊಳ್ಳಲು ನಡುವೆ ಖಾಲಿ ಜಾಗವೇ ಇರುವುದಿಲ್ಲ. ನೂರಕ್ಕೆ 60ರಲ್ಲಿ ಕಾಣದ ಸಾಲು 94ರಲ್ಲಿ ರಸ್ತೆಯವರೆಗೆ ಬರುವುದು ಇದೇ ಕಾರಣಕ್ಕೆ.

ಹಾಗಾದರೆ ಡಾಕ್ ನಿಜಕ್ಕೂ ಸಾಲದೇ? ಈ ಪ್ರಶ್ನೆಗೆ ಉತ್ತರ ಶೀಟಿನಲ್ಲಿಲ್ಲ, ಡಾಕ್ ಮುಂದೆ ನಡೆದು ಹೋದರೆ ಸಿಗುತ್ತದೆ.

ಎಂಟು ಡಾಕ್ ಮುಂದೆ ಒಂದು ಸುತ್ತು

1930ರ ದಶಕದಲ್ಲಿ ಟಿಪ್ಪೆಟ್ ಎಂಬ ಸಂಖ್ಯಾಶಾಸ್ತ್ರಜ್ಞ ಇಂಗ್ಲೆಂಡಿನ ಹತ್ತಿ ಗಿರಣಿಗಳಲ್ಲಿ ಮಗ್ಗಗಳು ಯಾಕೆ ನಿಲ್ಲುತ್ತವೆ ಎಂದು ತಿಳಿಯಲು ಒಂದು ಸರಳ ಉಪಾಯ ಮಾಡಿದ. ಒಂದು ಮಗ್ಗದ ಮುಂದೆ ದಿನವಿಡೀ ಕೂರುವ ಬದಲು, ಗೊತ್ತುಗುರಿಯಿಲ್ಲದ ಹೊತ್ತಿನಲ್ಲಿ ಇಡೀ ಶೆಡ್ಡಿನಲ್ಲಿ ನಡೆದು ಯಾವುದು ಓಡುತ್ತಿದೆ, ಯಾವುದು ನಿಂತಿದೆ ಎಂದು ಗುರುತು ಹಾಕುವುದು. ನಾವು ಮಾಡಿದ್ದೂ ಅದೇ. ಆರು ದಿನ, ದಿನಕ್ಕೆ ಮೂರು ಸುತ್ತು, ಪ್ರತಿ ದಿನ ಬೇರೆ ಬೇರೆ ಹೊತ್ತು, ಯಾರಿಗೂ ಮೊದಲೇ ಹೇಳದೆ. ಪ್ರತಿ ಡಾಕ್‌ನ ಮುಂದೆ ಎರಡೇ ಪ್ರಶ್ನೆ: ಗಾಡಿ ನಿಂತಿದೆಯೇ? ನಿಂತಿದ್ದರೆ ಯಾರಾದರೂ ಅದರೊಳಗೆ ಕೈ ಹಾಕಿ ಕೆಲಸ ಮಾಡುತ್ತಿದ್ದಾರೆಯೇ?

ಹದಿನೆಂಟು ಸುತ್ತಿಗೆ 144 ಗುರುತುಗಳಾದವು. ಅವುಗಳಲ್ಲಿ 135 ಸಲ ಡಾಕ್‌ನಲ್ಲಿ ಗಾಡಿ ಇತ್ತು. ಆದರೆ ಮಾಲು ಇಳಿಯುತ್ತಿದ್ದದ್ದು 68 ಸಲ ಮಾತ್ರ. ಅಂದರೆ ತುಂಬಿದ್ದ ಡಾಕ್‌ಗಳಲ್ಲಿ ಅರ್ಧದಲ್ಲಿ ಏನೂ ನಡೆಯುತ್ತಿರಲಿಲ್ಲ. 7 ಸಲ ಗಾಡಿ ಹಚ್ಚುತ್ತಲೋ ತೆಗೆಯುತ್ತಲೋ ಇದ್ದರು. 19 ಸಲ ಗಾಡಿ ತುಂಬಿದ್ದರೂ ಇಳಿಸಲು ಶುರುವಾಗಿರಲಿಲ್ಲ. ಉಳಿದ 41 ಸಲ ಗಾಡಿಯ ಹೊಟ್ಟೆ ಖಾಲಿ, ಬಾಗಿಲು ತೆರೆದೇ ಇತ್ತು, ಡ್ರೈವರ್ ಪಕ್ಕದಲ್ಲಿ ಕೂತಿದ್ದ.

ಇನ್ನೆರಡು ಡಾಕ್ ಕಟ್ಟುವ ಮಾತು ಅಂದೇ ನಿಂತಿತು. ಇದ್ದ ಎಂಟರಲ್ಲಿ ಎರಡಕ್ಕಿಂತ ಹೆಚ್ಚು ಡಾಕ್‌ಗಳು ಖಾಲಿ ಲಾರಿ ನಿಲ್ಲಿಸುವ ಪಾರ್ಕಿಂಗ್ ಆಗಿದ್ದವು.

ನಿಮ್ಮಲ್ಲಿ ಈ ಸುತ್ತಿನ ಫಲ ಬೇರೆ ಥರ ಬರಬಹುದು. ಗಾಡಿ ಅರ್ಧ ಖಾಲಿಯಾಗಿ ಟೋಳಿ ಕೈಕಟ್ಟಿ ನಿಂತಿದ್ದರೆ ಡಾಕ್ ಹಿಂದಿನ ನೆಲ ನೋಡಿ. ಅಲ್ಲಿ ನಿನ್ನೆಯ ಪ್ಯಾಲೆಟ್‌ಗಳು ಇನ್ನೂ ಕೂತಿದ್ದರೆ ದೋಷ ಮಾಲನ್ನು ರ‍್ಯಾಕ್‌ಗೆ ಏರಿಸುವವರ ಕಡೆ ಇದೆ, ಈ ಬರಹದ ಪರಿಹಾರ ಅದಕ್ಕೆ ಹೊಂದುವುದಿಲ್ಲ. ತುಂಬಿದ ಡಾಕ್‌ಗಳಲ್ಲಿ ಬಹುಪಾಲು ಕಡೆ ಕೆಲಸ ನಡೆಯುತ್ತಲೇ ಇದ್ದು ಸಾಲೂ ಇದ್ದರೆ ಆಗ ನಿಜಕ್ಕೂ ಡಾಕ್ ಅಥವಾ ಕೈ ಸಾಲುತ್ತಿಲ್ಲ.

ಸಿಸ್ಟಮ್ ಇದನ್ನು ಯಾಕೆ ಹೇಳಲಿಲ್ಲ

ಇದು ನನ್ನನ್ನು ಬಹಳ ಕಾಡಿದ ಭಾಗ. ಸಿಸ್ಟಮ್‌ನಲ್ಲಿ ಇಳಿಸಿ ಮುಗಿದ ಹೊತ್ತು ಎಂಬ ಕಾಲಂ ಇತ್ತು. ಅದರ ಪ್ರಕಾರ ಒಂದು ಗಾಡಿ ಇಳಿಸಲು 2 ತಾಸು 25 ನಿಮಿಷ ಹಿಡಿಯುತ್ತಿತ್ತು. ಪೆನ್ನಿನ ಲೆಕ್ಕದಲ್ಲಿ ಒಂದೂವರೆ ತಾಸು. ಸಿಸ್ಟಮ್‌ನ ಎರಡು ಕಾಲಂ ಪಕ್ಕಪಕ್ಕ ಇಟ್ಟು ನೋಡಿದೆ: ಇಳಿಸಿ ಮುಗಿದದ್ದು G, ಮಾಲು ಸ್ವೀಕರಿಸಿದ ದಾಖಲೆಯಾದ ಜಿಆರ್‌ಎನ್ ಆದದ್ದು H. ಇವೆರಡರ ನಡುವೆ ಎರಡು ನಿಮಿಷಕ್ಕಿಂತ ಕಡಿಮೆ ಅಂತರ ಇರುವ ಸಾಲುಗಳನ್ನು ಹೀಗೆ ಎಣಿಸಬಹುದು:

```
=SUMPRODUCT(--(ABS(H2:H281-G2:G281)*1440<2))
```

280ರಲ್ಲಿ 231 ಬಂತು. ಕೊನೆಯ ಬಾಕ್ಸ್ ಇಳಿದಾಗ ಯಾರೂ ಬಟನ್ ಒತ್ತುತ್ತಿರಲಿಲ್ಲ. ಇನ್‌ವರ್ಡ್ ಕ್ಲರ್ಕ್ ಜಿಆರ್‌ಎನ್ ಮಾಡಲು ಕೂತಾಗ ಎರಡನ್ನೂ ಒಟ್ಟಿಗೆ ಒತ್ತುತ್ತಿದ್ದ. ಅವನ ತಪ್ಪೇನೂ ಇಲ್ಲ. ಡಾಕ್‌ನಿಂದ ಅವನ ಮೇಜು ನೂರೈವತ್ತು ಹೆಜ್ಜೆ ದೂರ, ಎಂಟೂ ಡಾಕ್‌ಗಳಿಗೆ ಅವನೊಬ್ಬನೇ. ಆದರೆ ಇದರಿಂದ ಕಾಗದಕ್ಕಾಗಿ ಕಾದ 55 ನಿಮಿಷ ಹಮಾಲರ ಖಾತೆಗೆ ಬಿತ್ತು. ಆರು ತಿಂಗಳು ಪ್ರತಿ ಮೀಟಿಂಗಿನಲ್ಲಿ ಟೋಳಿ ನಿಧಾನ ಎಂಬ ಮಾತು ಕೇಳಿಬಂದದ್ದು ಈ ಒಂದು ಬಟನ್‌ನಿಂದ. ಟೋಳಿಯ ಮುಕಾದಮನಿಗೆ ಪೆನ್ನಿನ ಶೀಟ್ ತೋರಿಸಿದಾಗ ಅವರು ಅದನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದು ನೋಡುತ್ತಿದ್ದರು.

ಎರಡು ಬೇರೆ ಕೆಲಸಗಳ ಹೊತ್ತು ಸದಾ ಒಂದೇ ನಿಮಿಷಕ್ಕೆ ದಾಖಲಾಗುತ್ತಿದ್ದರೆ ಅವುಗಳಲ್ಲಿ ಒಂದಂತೂ ಸುಳ್ಳು. ನಿಮ್ಮ ಸಿಸ್ಟಮ್‌ನಲ್ಲೂ ಈ ಎಣಿಕೆ ಮಾಡಿ ನೋಡಿ, ಐದು ನಿಮಿಷದ ಕೆಲಸ.

ಖಾಲಿ ಗಾಡಿ ಯಾಕೆ ಸರಿಯುವುದಿಲ್ಲ

ಮಾಲು ಇಳಿದಿದೆ, ಯಾರ್ಡಿನಲ್ಲಿ ಜಾಗವಿದೆ. ಡ್ರೈವರ್ ಡಾಕ್ ಬಿಟ್ಟು ಪಕ್ಕಕ್ಕೆ ನಿಂತು ಕಾಗದಕ್ಕೆ ಕಾಯಬಹುದಲ್ಲ? ನಾವು ಮೊದಲು ಮಾಡಿದ್ದು ಇದನ್ನೇ ಆಜ್ಞೆಯಾಗಿ ಹೊರಡಿಸಿದ್ದು. ಸೂಪರ್‌ವೈಸರ್‌ಗಳು ಕೂಗಿದರೂ ಯಾರೂ ಸರಿಯಲಿಲ್ಲ. ನಾಲ್ಕನೇ ದಿನಕ್ಕೆ ಆಜ್ಞೆ ಸತ್ತಿತ್ತು.

ಐದನೇ ಡಾಕ್‌ನಲ್ಲಿ ಇಂಡಿ ಕಡೆಯ ಒಬ್ಬ ಡ್ರೈವರ್ ಖಾಲಿ ಗಾಡಿಯ ಪಕ್ಕ ಕೂತಿದ್ದರು. ಹತ್ತಿರ ಹೋಗಿ ಕೇಳಿದೆ. "ಅಣ್ಣಾ, ಮಾಲ್ ಇಳದ್ ಮುಕ್ಕಾಲ್ ತಾಸ್ ಆತಲ್ರಿ, ಗಾಡಿ ಆ ಕಡೆ ಹಚ್ಚಿ ನೆಳ್ಳಾಗ ಕುಂದ್ರಬಾರ್ದೇನ್ರಿ?"

"ಕಾಗ್ದ ಕೈಯಾಗ ಬರೂತನಕ ಗಾಡಿ ಹಂದ್ಸಂಗಿಲ್ರಿ ಸಾಹೇಬ್ರ," ಎಂದರು. "ನಾ ಇಲ್ಲಿಂದ ಗಾಡಿ ತಗದೆ ಅಂದ್ರ, ಆಮ್ಯಾಲ ಎರಡು ಬಾಕ್ಸ್ ಕಮ್ಮಿ ಬಂದಾವ ಅಂತ ಬಿಲ್ಟಿ ಮ್ಯಾಲ ಬರೀತಾರ. ಆಗ ನಾ ಯಾರಿಗ ತೋರಿಸ್ಲಿ? ಭಾಡಾದಾಗ ಮುರ್ಕೋತಾರ. ಒಂದ್ಸಲ ಹಂಗಾತಿ ನನಗ."

ಇಡೀ ದೋಷದ ಬೇರು ಈ ಮಾತಿನಲ್ಲಿತ್ತು. ಮಾಲು ಮುಟ್ಟಿದ್ದಕ್ಕೆ ಪುರಾವೆಯಾದ ಪಿಒಡಿ ಕಾಗದದ ಮೇಲೆ ನಮ್ಮ ಸಹಿ ಮತ್ತು ಠಸ್ಸೆ ಬೀಳುವವರೆಗೆ ಮಾಲಿನ ಹೊಣೆ ಅವರ ತಲೆ ಮೇಲೆ. ಠಸ್ಸೆ ಬೀಳುವುದು ಜಿಆರ್‌ಎನ್ ಆದಮೇಲೆ. ಅಲ್ಲಿಯವರೆಗೆ ತಾವು ಇಳಿಸಿದ ಮಾಲು ಕಣ್ಣಿಗೆ ಕಾಣುವ ಜಾಗ ಬಿಟ್ಟು ಹೋಗುವುದು ಅವರಿಗೆ ಅಪಾಯ. ಅವರು ಹಟ ಮಾಡುತ್ತಿರಲಿಲ್ಲ, ತಮ್ಮ ಬಾಡಿಗೆಯನ್ನು ಕಾಯುತ್ತಿದ್ದರು.

ಆಮೇಲೆ ಜಿಆರ್‌ಎನ್‌ನಲ್ಲಿ ಏನೇನು ನೋಡುತ್ತಾರೆ ಎಂದು ಒಂದೊಂದಾಗಿ ಬರೆದುಕೊಂಡೆ. ಬಾಕ್ಸ್ ಎಣಿಕೆ, ಸೀಲ್ ನಂಬರ್, ಹರಿದ ಅಥವಾ ನೆನೆದ ಬಾಕ್ಸ್. ಇವಿಷ್ಟಕ್ಕೆ ಡ್ರೈವರ್ ಹೊಣೆ. ಬ್ಯಾಚ್ ನಂಬರ್, ಎಂಆರ್‌ಪಿ, ಬಳಕೆ ಅವಧಿ, ಆರ್ಡರಿನ ಜತೆ ದರದ ತಾಳೆ. ಇವುಗಳಿಗೂ ಡ್ರೈವರಿಗೂ ಏನೂ ಸಂಬಂಧವಿಲ್ಲ, ಅದು ಮಾಲು ಕಳಿಸಿದವರ ಮತ್ತು ನಮ್ಮ ನಡುವಿನ ವಿಷಯ. ಮೊದಲಿನದಕ್ಕೆ ಹದಿನೈದು ನಿಮಿಷ ಸಾಕು, ಅದೂ ಇಳಿಸುವಾಗಲೇ ಎಣಿಸಿಕೊಂಡು ಬಂದಿದ್ದರೆ. 40 ನಿಮಿಷ ತಿನ್ನುತ್ತಿದ್ದದ್ದು ಎರಡನೆಯದು. ಎರಡನ್ನೂ ಒಂದೇ ಕಾಗದದಲ್ಲಿ ಕಟ್ಟಿದ್ದರಿಂದ, ದರದ ತಾಳೆ ಆಗುವವರೆಗೆ ಒಬ್ಬ ಮನುಷ್ಯನೂ ಒಂದು ಲಾರಿಯೂ ಒಂದು ಡಾಕ್ ಕೂಡ ಕಾಯುತ್ತಿದ್ದವು.

ಎಣಿಕೆ ಚೀಟಿ

ಪರಿಹಾರ ಮೂರು ಪ್ರತಿಯ ಒಂದು ಚೀಟಿ. ಕಾರ್ಬನ್ ಇಟ್ಟು ಬರೆಯುವ ಮಾಮೂಲಿ ಪುಸ್ತಕ. ಅದರ ಮೇಲೆ ಗಾಡಿ ನಂಬರ್, ಸಾಗಣೆ ರಸೀದಿಯಾದ ಬಿಲ್ಟಿಯ ಎಲ್‌ಆರ್ ನಂಬರ್, ಸೀಲ್ ನಂಬರ್, ಸೀಲ್ ಗಟ್ಟಿ ಇತ್ತೋ ಇಲ್ಲವೋ, ಬಂದ ಬಾಕ್ಸ್ ಎಷ್ಟು, ಕೆಟ್ಟ ಬಾಕ್ಸ್ ಎಷ್ಟು. ಕೆಳಗೆ ನಮ್ಮ ಚೆಕರ್ ಸಹಿ, ಡ್ರೈವರ್ ಸಹಿ. ಪ್ಯಾಲೆಟ್ ಒಂದು ತುಂಬಿದ ಹಾಗೆ ಚೆಕರ್ ಮತ್ತು ಡ್ರೈವರ್ ಇಬ್ಬರೂ ಎಣಿಸಿ ಗೆರೆ ಹಾಕುತ್ತಾ ಹೋಗುತ್ತಾರೆ. ಕೊನೆಗೆ ಎಲ್ಲವನ್ನೂ ಮತ್ತೆ ಎಣಿಸುವ ಪ್ರಶ್ನೆ ಇಲ್ಲ. ಸಹಿಯಾದ ಪ್ರತಿ ಡ್ರೈವರ್ ಕೈಗೆ ಬಿದ್ದ ಕೂಡಲೇ ಗಾಡಿ ಡಾಕ್ ಬಿಡುತ್ತದೆ. ಗೇಟಿನ ಪಕ್ಕದ ಕ್ಯಾಬಿನ್‌ನಲ್ಲಿ ಆ ಚೀಟಿ ನೋಡಿಯೇ ಪಿಒಡಿಗೆ ಠಸ್ಸೆ ಹಾಕಿಕೊಡುತ್ತಾರೆ. ಜಿಆರ್‌ಎನ್ ತನ್ನ ಪಾಡಿಗೆ ಒಳಗೆ ನಡೆಯುತ್ತದೆ, ಅದರಲ್ಲಿ ಏನೇ ಹೊರಬಿದ್ದರೂ ಡ್ರೈವರಿಗೆ ತಟ್ಟುವುದಿಲ್ಲ.

ಇದರಲ್ಲಿ ಕೆಡುವ ಜಾಗ ಒಂದಿದೆ. ಮೊದಲ ವಾರದಲ್ಲಿ ಒಬ್ಬ ಸೂಪರ್‌ವೈಸರ್ ಚೀಟಿಯ ಮೇಲೆ "ಪರಿಶೀಲನೆಗೆ ಒಳಪಟ್ಟು" ಎಂದು ಬರೆದು ಸಹಿ ಮಾಡಿದ. ಅವನಿಗೆ ಅದು ಸುರಕ್ಷತೆ ಎನಿಸಿತು. ಆದರೆ ಆ ಎರಡು ಪದ ಓದಿದ ಡ್ರೈವರ್ ಗಾಡಿ ಸರಿಸಲಿಲ್ಲ, ಸಂಜೆಯ ಹೊತ್ತಿಗೆ ಎಲ್ಲ ಡ್ರೈವರುಗಳಿಗೂ ಸುದ್ದಿ ಮುಟ್ಟಿತ್ತು. ಚೀಟಿಗೆ ಬೆಲೆ ಬರುವುದು ಅದು ಅಂತಿಮವಾಗಿದ್ದರೆ ಮಾತ್ರ. ಬಾಕ್ಸ್ ಎಣಿಕೆಯ ಮಟ್ಟಿಗೆ ನಾವು ಮತ್ತೆ ಮಾತು ಬದಲಿಸುವುದಿಲ್ಲ ಎಂದು ಮೇಲಿನವರಿಂದ ಲಿಖಿತವಾಗಿ ಬರೆಸಿ, ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಕ್ಯಾಬಿನ್ ಗೋಡೆಗೆ ಹಚ್ಚಿದಮೇಲೆ ಸರಿಹೋಯಿತು.

ಎಣಿಕೆ ಹೊಂದದಿದ್ದರೆ? ಆಗ ಗಾಡಿ ಡಾಕ್‌ನಲ್ಲೇ ಇದ್ದು ಅಲ್ಲೇ ಮತ್ತೆ ಎಣಿಸಬೇಕು. ಸೀಲ್ ಒಡೆದು ಬಂದ ಗಾಡಿಗೂ ಇದೇ ನಿಯಮ. ಇದು ಹತ್ತರಲ್ಲಿ ಒಂದಕ್ಕಿಂತ ಹೆಚ್ಚು ಗಾಡಿಗೆ ಆಗುತ್ತಿದ್ದರೆ ಚೀಟಿಯಿಂದ ದೊಡ್ಡ ಲಾಭ ಸಿಗದು, ಮೊದಲು ಕಳಿಸುವವರ ಲೋಡಿಂಗ್ ಸರಿಮಾಡಿಸಬೇಕು.

ಇಳಿಸಲು ಶುರುವಾಗುವ ಮುಂಚಿನ 25 ನಿಮಿಷದ ಕಥೆಯೂ ಹೆಚ್ಚುಕಡಿಮೆ ಇಂಥದ್ದೇ. ಮಹಾರಾಷ್ಟ್ರದಲ್ಲಿ ಹಮಾಲರ ಕೆಲಸ 1969ರ ಮಾಥಾಡಿ ಕಾಯ್ದೆಯ ಚೌಕಟ್ಟಿನಲ್ಲಿ ನಡೆಯುತ್ತದೆ. ಅದರ ಹೊರತಾಗಿ ಗಾಡಿಯವರು ಕೊಡುವ ವಾರಾಯಿ ಎಂಬ ಇಳಿಸುವ ಖರ್ಚಿನ ರೂಢಿಯೂ ಇದೆ. ಅದನ್ನು ಯಾರು ಕೊಡಬೇಕು, ಎಷ್ಟು ಎಂಬ ಮಾತು ಡಾಕ್‌ನಲ್ಲಿ ನಿಂತು ನಡೆಯುತ್ತಿತ್ತು, ಡ್ರೈವರ್ ಮಾಲಕರಿಗೆ ಫೋನ್ ಹಚ್ಚುತ್ತಿದ್ದರು. ಅಪಾಯಿಂಟ್‌ಮೆಂಟ್ ಬುಕ್ ಮಾಡುವಾಗಲೇ ಖರ್ಚು ಯಾರದು ಎಂದು ತುಂಬಿಸುವುದನ್ನು ಕಡ್ಡಾಯ ಮಾಡಿದೆವು, ಅದು ಟೋಕನ್ ಮೇಲೆ ಅಚ್ಚಾಗಿ ಬರುತ್ತಿತ್ತು. 25 ನಿಮಿಷ 10ಕ್ಕೆ ಇಳಿಯಿತು.

ಗೇಟಿನಲ್ಲಿ ಅಪಾಯಿಂಟ್‌ಮೆಂಟ್‌ಗೆ ಬೆಲೆ ಇದೆಯೇ

ಡಾಕ್ ಬಿಡುವಾದ ಮೇಲೆಯೇ ಈ ಪ್ರಶ್ನೆಗೆ ಅರ್ಥ. ಬೆಳಗಾವಿ, ಕೊಲ್ಹಾಪುರದ ಕಡೆಯಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ರಾತ್ರಿಯಿಡೀ ಓಡಿ ಬರುವ ಗಾಡಿ ನಸುಕಿನಲ್ಲಿ ಮುಟ್ಟುತ್ತದೆ, ಅದರ ಸ್ಲಾಟ್ 11ಕ್ಕಿದ್ದರೂ. ನಮ್ಮ ಗಾರ್ಡ್‌ಗಳು ಬಂದ ಸರದಿಯಲ್ಲೇ ಒಳಗೆ ಬಿಡುತ್ತಿದ್ದರು, ಅವರಿಗೆ ಅದೇ ನ್ಯಾಯ ಎನಿಸುತ್ತಿತ್ತು. ಹಾಗಾಗಿ 11ರ ಗಾಡಿ 7ರ ಡಾಕ್ ಹಿಡಿಯುತ್ತಿತ್ತು, ಸರಿಯಾಗಿ 7ಕ್ಕೆ ಬಂದವನು ಹಿಂದೆ ಬೀಳುತ್ತಿದ್ದ. ಮರುಸಲ ಅವನೂ 5ಕ್ಕೇ ಬರುತ್ತಿದ್ದ.

ಇದನ್ನು ಪತ್ತೆ ಹಚ್ಚಲು ಪ್ರತಿ ಗಾಡಿಯ ಸ್ಲಾಟ್ ಹೊತ್ತನ್ನು ಅಡ್ಡಕ್ಕೆ, ಬಂದ ಹೊತ್ತನ್ನು ಉದ್ದಕ್ಕೆ ಇಟ್ಟು ಚುಕ್ಕಿ ಹಾಕಿ. ಚುಕ್ಕಿಗಳು ಓರೆಯಾಗಿ ಏರುವ ಗೆರೆಯ ಆಸುಪಾಸು ಕೂತರೆ ಪದ್ಧತಿ ಜೀವಂತವಿದೆ. ನಮ್ಮ ಚುಕ್ಕಿಗಳು ಯಾವ ಸ್ಲಾಟ್ ಇರಲಿ, 5ರಿಂದ 8ರ ನಡುವೆ ಅಡ್ಡ ಪಟ್ಟಿಯಾಗಿ ಮಲಗಿದ್ದವು.

ನಾವು ಮಾಡಿದ್ದು ಇಷ್ಟು. ಮೊದಲೇ ಬಂದವರಿಗೆ ಕಾಂಪೌಂಡಿನೊಳಗೆ, ಡಾಕ್ ಸಾಲಿನಿಂದ ಬೇರೆಯಾಗಿ, ಆರು ಗಾಡಿ ನಿಲ್ಲುವ ಜಾಗ, ನೀರು ಮತ್ತು ಸಂಡಾಸು. ಡಾಕ್‌ಗೆ ಕರೆಯುವುದು ಸ್ಲಾಟ್ ಹೊತ್ತಿನ ಪ್ರಕಾರ, ಅರ್ಧ ತಾಸು ಹಿಂದೆಮುಂದೆ. ಅದಕ್ಕಿಂತ ತಡವಾದವರಿಗೆ ದಂಡವಿಲ್ಲ, ಖಾಲಿ ಬಿಟ್ಟಿರುವ ಮುಂದಿನ ಸ್ಲಾಟ್. ದೂರದಿಂದ ಬರುವವರು ಘಾಟಿನಲ್ಲಿ ಸಿಕ್ಕಿಕೊಳ್ಳುವುದು ಅವರ ಕೈಯಲ್ಲಿಲ್ಲ. ಚೀಟಿ ಶುರುವಾಗುವ ಮೊದಲು ಇದೇ ನಿಯಮವನ್ನು ಒಮ್ಮೆ ಜಾರಿಗೆ ತಂದಿದ್ದೆವು, ಮೂರೇ ದಿನಕ್ಕೆ ಮುರಿದುಬಿತ್ತು. 11ಕ್ಕೆ ಕರೆಯುತ್ತೇವೆ ಎಂದು ಹೇಳಿ 11ಕ್ಕೆ ಡಾಕ್ ಕೊಡಲಾಗದಿದ್ದರೆ ಯಾರು ತಾನೇ ನಂಬುತ್ತಾರೆ? ಅದಕ್ಕೇ ಈ ಅನುಕ್ರಮ ತಿರುಗಿಸಬೇಡಿ.

ಸರಿಯಾಗಿದೆಯೇ ಎಂದು ನೋಡುವುದು

ಎರಡು ತಿಂಗಳ ಮೇಲೆ ಮತ್ತೆ ಏಳು ದಿನ ಪೆನ್ನಿನ ಶೀಟ್ ಮಾಡಿದೆವು. ಹೊರಗೆ 20 ನಿಮಿಷ, ಯಾರ್ಡಿನಲ್ಲಿ 25, ಡಾಕ್‌ನಲ್ಲಿ ಶುರುವಾಗಲು 10, ಇಳಿಸಲು ಅದೇ 90, ಡಾಕ್ ಬಿಡಲು 15, ಠಸ್ಸೆ ಮತ್ತು ಗೇಟ್ ಪಾಸ್ ಸೇರಿ 35. ಒಟ್ಟು 3 ತಾಸು 15 ನಿಮಿಷ. ಟೋಳಿ ಅದೇ, ಅವರ ವೇಗವೂ ಅದೇ. ಒಂದು ಗಾಡಿ ಡಾಕ್ ಹಿಡಿಯುವ ಹೊತ್ತು 180 ನಿಮಿಷದಿಂದ 125ಕ್ಕೆ ಬಂದಿತ್ತು, ಡಾಕ್ ತುಂಬುವಿಕೆ ನೂರಕ್ಕೆ 65ಕ್ಕೆ ಇಳಿದಿತ್ತು. ಕಿಟಕಿಯಿಂದ ಎಣಿಸಿದರೆ ಒಳಗೆ ಏಳೆಂಟು ಗಾಡಿ. ಸ್ಲಾಟನ್ನು ಎರಡು ತಾಸಿನಿಂದ ಎರಡೂಕಾಲಕ್ಕೆ ಏರಿಸಿದೆವು, ನಿಜಕ್ಕೆ ಹತ್ತಿರವಾಗಲಿ ಎಂದು.

ಆದರೂ ಒಂದು ತಿಂಗಳ ಕೊನೆಗೆ ಸಾಲು ಮತ್ತೆ ರಸ್ತೆಗೆ ಬಂತು. ಎಲ್ಲ ಕೆಟ್ಟುಹೋಯಿತೆಂದು ಆ ಸಂಜೆ ನಾನೂ ಹೆದರಿದೆ. ಡಾಕ್ ಮುಂದೆ ಒಂದು ಸುತ್ತು ಹಾಕಿದೆ: ತುಂಬಿದ್ದ ಡಾಕ್‌ಗಳಲ್ಲಿ ಬಹುಪಾಲು ಕಡೆ ಕೆಲಸ ನಡೆಯುತ್ತಿತ್ತು. ಹಳೆಯ ದೋಷ ಮರಳಿರಲಿಲ್ಲ. ತಿಂಗಳ ಗುರಿ ಮುಟ್ಟಿಸಲು ಕಂಪನಿಗಳು ಮಾಲು ತಳ್ಳುವುದರಿಂದ ಅಂದು 58 ಗಾಡಿ ಬಂದಿದ್ದವು. 58ನ್ನು 125 ನಿಮಿಷಕ್ಕೆ ಗುಣಿಸಿದರೆ 121 ಡಾಕ್-ತಾಸು, ಮತ್ತೆ ಅದೇ ನೂರಕ್ಕೆ 94. ಚೀಟಿ ಎಷ್ಟೇ ಚೆನ್ನಾಗಿ ನಡೆದರೂ ಇದನ್ನು ತಾಳಲಾರದು. ನೂರಕ್ಕೆ 80 ದಾಟದಂತೆ ಲೆಕ್ಕ ಹಾಕಿದರೆ ದಿನಕ್ಕೆ 49 ಗಾಡಿ ಬರುತ್ತದೆ. ಈಗ ಬುಕಿಂಗ್‌ನಲ್ಲಿ 49ಕ್ಕೆ ಬಾಗಿಲು ಮುಚ್ಚುತ್ತದೆ. ಐವತ್ತನೆಯವರಿಗೆ ಮರುದಿನದ ಸ್ಲಾಟ್ ತೋರಿಸುತ್ತದೆ. ತಿಂಗಳ ಕೊನೆಯ ಮೂರು ದಿನ ರಾತ್ರಿ 10ರಿಂದ 2ರವರೆಗೆ ನಾಲ್ಕು ಡಾಕ್ ಹೆಚ್ಚುವರಿಯಾಗಿ ತೆರೆದಿರುತ್ತವೆ, ಅದಕ್ಕೆ ಬೇಕಾದ ಟೋಳಿಯನ್ನು ಮುಕಾದಮರ ಜತೆ ಇಪ್ಪತ್ತನೇ ತಾರೀಖಿಗೇ ಮಾತಾಡಿ ಗೊತ್ತುಮಾಡಿಕೊಳ್ಳುತ್ತಾರೆ.